ಎರಡು ಲಕ್ಷ ಕಟ್ಟಿದರೆ ಎಷ್ಟು ಕಂತು ಉಳಿದೀತು?

ಮೊಬೈಲಿನಲ್ಲಿ ಕಾಣುವ ಸಾಲದ ಬಾಕಿಯಿಂದಲೇ ಅವಧಿ ಮತ್ತು ಬಡ್ಡಿಯ ಲೆಕ್ಕ ಹಾಕುವ ಬಗೆ

ಗೃಹಸಾಲ ಇರುವ ಮನೆಗೆ ಒಂದಿಷ್ಟು ಇಡುಗಂಟು ಬಂದ ಕೂಡಲೇ ಏಳುವ ಪ್ರಶ್ನೆ ಒಂದೇ: ಇದನ್ನು ಸಾಲಕ್ಕೆ ಕಟ್ಟಿಬಿಟ್ಟರೆ ಎಷ್ಟು ಕಂತು ಕಡಿಮೆಯಾಗುತ್ತದೆ, ಎಷ್ಟು ಬಡ್ಡಿ ಉಳಿಯುತ್ತದೆ? ಅದು ಚೀಟಿ ಎತ್ತಿದ ಹಣವಾಗಿರಬಹುದು, ಅಡಿಕೆ ಮಾರಿದ ದುಡ್ಡಾಗಿರಬಹುದು, ವರ್ಷಕ್ಕೊಮ್ಮೆ ಬರುವ ಬೋನಸ್ ಆಗಿರಬಹುದು. ಕಟ್ಟುವ ಮೊದಲೇ ಉತ್ತರ ಗೊತ್ತಿದ್ದರೆ ನಿರ್ಧಾರ ಸುಲಭ. ಆದರೆ ಸಾಲದ ಆ್ಯಪ್ ತೆರೆದರೆ ಬಾಕಿ, ಬಡ್ಡಿದರ, ಕಂತು ಎಂದು ನಾಲ್ಕೈದು ಅಂಕಿಗಳು ಕಾಣುತ್ತವೆಯೇ ಹೊರತು ಈ ಪ್ರಶ್ನೆಗೆ ಉತ್ತರ ಕಾಣುವುದಿಲ್ಲ.

ಉತ್ತರ ಆ ಅಂಕಿಗಳಲ್ಲೇ ಇದೆ. ಅಸಲಿನ ಬಾಕಿ, ಬಡ್ಡಿದರ, ತಿಂಗಳ ಕಂತು ಈ ಮೂರು ಗೊತ್ತಿದ್ದರೆ ಕಾಗದ, ಪೆನ್ನು ಹಿಡಿದು ಐದು ನಿಮಿಷದಲ್ಲಿ ಲೆಕ್ಕ ಹಾಕಬಹುದು. ಸಾಲ ಎಷ್ಟು ವರ್ಷದ ಹಿಂದೆ ತೆಗೆದದ್ದು, ಮೂಲ ಮೊತ್ತ ಎಷ್ಟಿತ್ತು, ಇಲ್ಲಿಯವರೆಗೆ ಎಷ್ಟು ಬಡ್ಡಿ ಕಟ್ಟಿದ್ದೇವೆ ಎಂಬ ಯಾವ ವಿವರವೂ ಇದಕ್ಕೆ ಬೇಡ. ಮುಂದಿನ ಬಡ್ಡಿ ಹುಟ್ಟುವುದು ಇವತ್ತು ಉಳಿದಿರುವ ಅಸಲಿನ ಮೇಲೆ ಮಾತ್ರ.

ಒಂದು ಉದಾಹರಣೆಯನ್ನು ಕೊನೆಯವರೆಗೂ ಹಿಡಿದು ಸಾಗೋಣ. ಶಿವಮೊಗ್ಗದಲ್ಲಿ ಮನೆ ಕಟ್ಟಿಸಿದ ದಂಪತಿಯೊಬ್ಬರ ಸಾಲ ಹೀಗಿದೆ ಎಂದಿಟ್ಟುಕೊಳ್ಳಿ. ಪ್ರತಿ ತಿಂಗಳು 5ರಂದು ಕಂತು ಖಾತೆಯಿಂದ ಕಡಿತವಾಗುತ್ತದೆ. 6ರಂದು ತೆಗೆದ ಸ್ಕ್ರೀನ್‌ಶಾಟ್‌ನಲ್ಲಿ ಅಸಲಿನ ಬಾಕಿ 24,00,000 ರೂಪಾಯಿ, ಬಡ್ಡಿದರ ಶೇ. 8.4, ಕಂತು 25,000 ರೂಪಾಯಿ, ಉಳಿದ ಅವಧಿ 160 ತಿಂಗಳು ಎಂದಿದೆ. ಅವರ ಕೈಯಲ್ಲಿ ಈಗ 2 ಲಕ್ಷ ರೂಪಾಯಿ ಇದೆ.

ಬಾಕಿ ಎಂದರೆ ಯಾವ ಬಾಕಿ?

ಲೆಕ್ಕ ತಪ್ಪುವುದು ಹೆಚ್ಚಾಗಿ ಮೊದಲ ಹೆಜ್ಜೆಯಲ್ಲೇ. ಆ್ಯಪ್‌ಗಳಲ್ಲಿ ಬಾಕಿ ಎಂಬ ಹೆಸರಿನಲ್ಲಿ ಬೇರೆ ಬೇರೆ ಮೊತ್ತಗಳು ಕಾಣಿಸುತ್ತವೆ. 'Principal Outstanding' ಎಂದಿದ್ದರೆ ಅದು ಶುದ್ಧ ಅಸಲು, ನಮಗೆ ಬೇಕಾದದ್ದು ಅದೇ. 'Total Outstanding' ಎಂದಿದ್ದರೆ ಅಸಲಿನ ಜೊತೆ ಕಳೆದ ಕಂತಿನ ನಂತರ ಕೂಡಿದ ಬಡ್ಡಿ, ದಂಡವೇನಾದರೂ ಇದ್ದರೆ ಅದೂ ಸೇರಿರಬಹುದು. 'Foreclosure Amount' ಎಂದರೆ ಇವತ್ತೇ ಪೂರ್ತಿ ಸಾಲ ತೀರಿಸಲು ಕೊಡಬೇಕಾದ ಮೊತ್ತ. ಶುಲ್ಕವಿದ್ದರೆ ಅದೂ ಅದರೊಳಗೆ ಇರುತ್ತದೆ. ಕೆಲವೆಡೆ, ಮುಖ್ಯವಾಗಿ ವೈಯಕ್ತಿಕ ಸಾಲದ ಆ್ಯಪ್‌ಗಳಲ್ಲಿ, ಇನ್ನು ಕಟ್ಟಬೇಕಾದ ಎಲ್ಲ ಕಂತುಗಳನ್ನು ಕೂಡಿಸಿ ಅದನ್ನೇ ದೊಡ್ಡಕ್ಷರದಲ್ಲಿ ತೋರಿಸುವುದೂ ಉಂಟು. ಅದರಲ್ಲಿ ಮುಂದೆ ಹುಟ್ಟಬೇಕಾದ ಬಡ್ಡಿಯೆಲ್ಲ ಈಗಲೇ ಸೇರಿರುತ್ತದೆ.

ಕಾಣುವ ಅಂಕಿ ಯಾವುದೆಂದು ತಿಳಿಯಲು ಒಂದು ಸಣ್ಣ ಪರೀಕ್ಷೆ ಸಾಕು. ಬಾಕಿಯನ್ನು ಬಡ್ಡಿದರದಿಂದ ಗುಣಿಸಿ 12ರಿಂದ ಭಾಗಿಸಿ. ನಮ್ಮ ಉದಾಹರಣೆಯಲ್ಲಿ ಶೇ. 8.4ನ್ನು 12ರಿಂದ ಭಾಗಿಸಿದರೆ ತಿಂಗಳಿಗೆ ಶೇ. 0.7. 24 ಲಕ್ಷಕ್ಕೆ ಶೇ. 0.7 ಎಂದರೆ 16,800 ರೂಪಾಯಿ. ಇದು ಮುಂದಿನ ಕಂತಿನಲ್ಲಿ ಬಡ್ಡಿಗೆ ಹೋಗುವ ಪಾಲು. ಕಳೆದ ತಿಂಗಳ ಸ್ಟೇಟ್‌ಮೆಂಟಿನಲ್ಲಿ ಬಡ್ಡಿ ಎಂದು ಬರೆದಿರುವ ಮೊತ್ತ ಇದರ ಆಸುಪಾಸಿನಲ್ಲೇ ಇದ್ದರೆ ನಾವು ಹಿಡಿದಿರುವುದು ಸರಿಯಾದ ಬಾಕಿ. ಇದರ ಬದಲು ಎಲ್ಲ ಕಂತುಗಳ ಮೊತ್ತವನ್ನು, ಅಂದರೆ ಸುಮಾರು 39.95 ಲಕ್ಷವನ್ನು ಬಾಕಿಯೆಂದು ಹಿಡಿದಿದ್ದರೆ ತಿಂಗಳ ಬಡ್ಡಿ 27,965 ರೂಪಾಯಿ ಬರುತ್ತಿತ್ತು. ಕಂತೇ 25,000 ಇರುವಾಗ ಬಡ್ಡಿ ಅದಕ್ಕಿಂತ ಹೆಚ್ಚಾಗಲು ಸಾಧ್ಯವಿಲ್ಲ. ಹಾಗಾದರೆ ಸಾಲ ಎಂದೂ ತೀರುವುದಿಲ್ಲ. ತಪ್ಪು ಅಂಕಿ ಹಿಡಿದಿದ್ದೇವೆ ಎಂದು ಅಲ್ಲೇ ತಿಳಿಯುತ್ತದೆ. ಒಂದೆರಡು ವರ್ಷವಷ್ಟೇ ಉಳಿದಿರುವ ಸಾಲದಲ್ಲಿ ತಪ್ಪು ಇಷ್ಟು ಢಾಳಾಗಿ ಕಾಣುವುದಿಲ್ಲ. ಅಲ್ಲಿ ಸ್ಟೇಟ್‌ಮೆಂಟಿನ ಬಡ್ಡಿಯೊಂದಿಗೆ ತಾಳೆ ನೋಡುವುದೇ ದಾರಿ.

ಬಡ್ಡಿದರವೇ ತೆರೆಯ ಮೇಲೆ ಇಲ್ಲದಿದ್ದರೆ? ಒಂದು ತಿಂಗಳ ಅಂತರದ ಎರಡು ಸ್ಕ್ರೀನ್‌ಶಾಟ್ ಇದ್ದರೆ ಅದನ್ನೂ ಹೊರತೆಗೆಯಬಹುದು. ನಮ್ಮ ದಂಪತಿಯ ಹಿಂದಿನ ತಿಂಗಳ ಬಾಕಿ 24,08,143 ರೂಪಾಯಿ ಇತ್ತು. ಈಗ 24,00,000. ಇಳಿದದ್ದು 8,143. ಕಟ್ಟಿದ್ದು 25,000. ಉಳಿದ 16,857 ರೂಪಾಯಿ ಬಡ್ಡಿಗೆ ಹೋಯಿತು. ಇದನ್ನು ಹಿಂದಿನ ಬಾಕಿಯಿಂದ ಭಾಗಿಸಿದರೆ 0.007, ಅಂದರೆ ತಿಂಗಳಿಗೆ ಶೇ. 0.7, ವರ್ಷಕ್ಕೆ ಶೇ. 8.4. ಹೀಗೆ ಸಿಗುವುದು ಸಾಲದ ಮೇಲೆ ನಿಜವಾಗಿ ಓಡುತ್ತಿರುವ ದರ.

ಬೈಕಿಗೋ ಹಳೆಯ ಕಾರಿಗೋ ತೆಗೆದ ಸಾಲದಲ್ಲಿ ಈ ಪರೀಕ್ಷೆ ಇನ್ನೂ ಮುಖ್ಯ. ಅಲ್ಲಿ 'ಫ್ಲ್ಯಾಟ್' ದರ ಹೇಳುವ ರೂಢಿಯಿದೆ. ಒಂದು ಲಕ್ಷಕ್ಕೆ ಶೇ. 10ರ ಫ್ಲ್ಯಾಟ್ ದರದಲ್ಲಿ ಮೂರು ವರ್ಷದ ಸಾಲ ಎಂದರೆ ಅಸಲು ಇಳಿದರೂ ಬಡ್ಡಿ ಇಳಿಯದೆ ವರ್ಷಕ್ಕೆ ಹತ್ತು ಸಾವಿರದಂತೆ ಮೂವತ್ತು ಸಾವಿರ ಸೇರುತ್ತದೆ. ಇಳಿಯುವ ಬಾಕಿಯ ಮೇಲೆ ಲೆಕ್ಕ ಹಾಕಿದರೆ ಅದು ಸುಮಾರು ಶೇ. 18ರ ಬಡ್ಡಿ. ಮುಂದೆ ಹೇಳುವ ಲೆಕ್ಕಕ್ಕೆ ಬೇಕಾದದ್ದು ಈ ಎರಡನೆಯ ದರ.

ಕೆಳಗಿನ ಮೆಟ್ಟಿಲಿಗೆ ಒಂದೇ ಹೆಜ್ಜೆ

ಈಗ ಕಂತಿನ ಒಳಗೆ ನೋಡೋಣ. 25,000ದಲ್ಲಿ 16,800 ಬಡ್ಡಿಗೆ ಹೋದರೆ ಅಸಲಿಗೆ ಸೇರುವುದು 8,200 ಮಾತ್ರ. ಮುಂದಿನ ತಿಂಗಳು ಬಾಕಿ ತುಸು ಇಳಿದಿರುವುದರಿಂದ ಬಡ್ಡಿ ಸ್ವಲ್ಪ ಕಡಿಮೆಯಾಗಿ, ಅಸಲಿನ ಪಾಲು ಸ್ವಲ್ಪ ಹೆಚ್ಚುತ್ತದೆ. ಹೀಗೆ ಬಾಕಿ ಮೊದಮೊದಲು ನಿಧಾನವಾಗಿ, ಆಮೇಲೆ ವೇಗವಾಗಿ ಇಳಿಯುತ್ತದೆ.

ಇಡೀ ಸಾಲವನ್ನು 24 ಲಕ್ಷದಿಂದ ಸೊನ್ನೆಯವರೆಗೆ ಇಳಿಯುವ 160 ಮೆಟ್ಟಿಲುಗಳೆಂದು ಭಾವಿಸಿ. ತಿಂಗಳಿಗೊಂದು ಮೆಟ್ಟಿಲು. 2 ಲಕ್ಷ ಕಟ್ಟಿದ ದಿನ ಬಾಕಿ 22 ಲಕ್ಷಕ್ಕೆ ಬರುತ್ತದೆ. ಬಡ್ಡಿದರವೂ ಕಂತೂ ಬದಲಾಗದಿದ್ದರೆ ಅಲ್ಲಿಂದ ಮುಂದಿನ ದಾರಿ ಹಳೆಯ ದಾರಿಯೇ. ಹಳೆಯ ಪಟ್ಟಿಯಲ್ಲಿ ಬಾಕಿ 22 ಲಕ್ಷವಾಗಬೇಕಿದ್ದ ಮೆಟ್ಟಿಲಿಗೆ ಇವತ್ತೇ ಬಂದು ನಿಂತಿರುತ್ತೇವೆ, ಅಷ್ಟೇ. ಆದ್ದರಿಂದ "ಎಷ್ಟು ಕಂತು ಕಡಿಮೆಯಾಗುತ್ತದೆ?" ಎಂಬ ಪ್ರಶ್ನೆಯನ್ನು ಹೀಗೆ ಕೇಳಿಕೊಳ್ಳಬಹುದು: ಏನೂ ಹೆಚ್ಚು ಕಟ್ಟದೆ ಇದ್ದರೆ ಬಾಕಿ 24ರಿಂದ 22 ಲಕ್ಷಕ್ಕೆ ಇಳಿಯಲು ಎಷ್ಟು ತಿಂಗಳು ಬೇಕಾಗುತ್ತಿತ್ತು? ಅಷ್ಟು ತಿಂಗಳೇ ಉಳಿತಾಯ. ಬ್ಯಾಂಕು ಕೊಟ್ಟ ಮರುಪಾವತಿ ಪಟ್ಟಿ, ಅಂದರೆ ಅಮಾರ್ಟೈಸೇಷನ್ ಷೆಡ್ಯೂಲ್, ಹಾಲಿ ದರದ್ದೇ ಆಗಿದ್ದು ಕೈಯಲ್ಲಿದ್ದರೆ ಲೆಕ್ಕವೇ ಬೇಡ. ಆ ಪಟ್ಟಿಯಲ್ಲಿ 22 ಲಕ್ಷದ ಸಾಲು ಹುಡುಕಿ, ಎಷ್ಟು ಸಾಲು ದಾಟಿದೆವೆಂದು ಎಣಿಸಿದರಾಯಿತು.

ಪಟ್ಟಿ ಇಲ್ಲದವರಿಗೆ ಪೆನ್ನಿನ ಲೆಕ್ಕ ಹೀಗೆ. ಈಗ ಅಸಲಿಗೆ ಹೋಗುತ್ತಿರುವ ಪಾಲು 8,200. ಬಾಕಿ 22 ಲಕ್ಷವಾದಾಗ ಬಡ್ಡಿ 15,400. ಅಸಲಿನ ಪಾಲು 9,600. ಈ ಎರಡರ ಸರಾಸರಿ 8,900. ಅಂದರೆ 24ರಿಂದ 22 ಲಕ್ಷದವರೆಗಿನ ದಾರಿಯಲ್ಲಿ ತಿಂಗಳಿಗೆ ಹೆಚ್ಚುಕಡಿಮೆ 8,900 ರೂಪಾಯಿ ಅಸಲು ತೀರುತ್ತಿತ್ತು. 2,00,000ವನ್ನು 8,900ರಿಂದ ಭಾಗಿಸಿದರೆ 22.5. ಎರಡು ಲಕ್ಷ ಕಟ್ಟಿದರೆ ಸುಮಾರು ಇಪ್ಪತ್ತೆರಡೂವರೆ ತಿಂಗಳು ಕಡಿಮೆಯಾಗುತ್ತದೆ. ಎರಡು ವರ್ಷಕ್ಕೆ ಒಂದೂವರೆ ತಿಂಗಳಷ್ಟೇ ಕಡಿಮೆ.

ಬಡ್ಡಿಯ ಉಳಿತಾಯಕ್ಕೆ ಇನ್ನೊಂದು ಸಾಲು ಸಾಕು. ಉಳಿದ 22.5 ಕಂತು ತಲಾ 25,000ದಂತೆ 5,62,500 ರೂಪಾಯಿ. ಇದರಲ್ಲಿ ನಾವೇ ಮುಂಚಿತವಾಗಿ ಕೊಟ್ಟ 2,00,000 ಕಳೆದರೆ 3,62,500. ಇದೇ ಕಟ್ಟಬೇಕಾಗದೆ ಉಳಿದ ಬಡ್ಡಿ.

ಈ ಅಂದಾಜು ಎಷ್ಟು ನಿಖರ ಎಂದು ನೋಡಬೇಕೆನಿಸಿದರೆ ಗೂಗಲ್ ಶೀಟ್ಸ್ ಅಥವಾ ಎಕ್ಸೆಲ್‌ನಲ್ಲಿ ಎರಡು ಸಾಲು ಟೈಪ್ ಮಾಡಿ:

```
=NPER(8.4%/12, -25000, 2400000)
=NPER(8.4%/12, -25000, 2200000)
```

ಮೊದಲನೆಯದಕ್ಕೆ 159.81, ಎರಡನೆಯದಕ್ಕೆ 137.21 ಎಂದು ಬರುತ್ತದೆ. ವ್ಯತ್ಯಾಸ 22.6 ತಿಂಗಳು, ಉಳಿಯುವ ಬಡ್ಡಿ ಸುಮಾರು 3.65 ಲಕ್ಷ. ಪೆನ್ನಿನ ಲೆಕ್ಕಕ್ಕೂ ಇದಕ್ಕೂ ಒಂದು ವಾರದಷ್ಟೂ ಅಂತರವಿಲ್ಲ. ಕಂತಿನ ಮುಂದಿರುವ ಕಳೆಯುವ ಚಿಹ್ನೆಯನ್ನು ಮರೆಯಬಾರದು. ಅದು ನಮ್ಮ ಕೈಯಿಂದ ಹೋಗುವ ಹಣ ಎಂಬುದರ ಗುರುತು. ಎಲ್ಲ ಕಂತುಗಳ ಮೊತ್ತವನ್ನು ತಪ್ಪಾಗಿ ಬಾಕಿಯೆಂದು ಹಾಕಿದ್ದರೆ ಈ ಉದಾಹರಣೆಯಲ್ಲಿ ಉತ್ತರದ ಜಾಗದಲ್ಲಿ '#NUM!' ಎಂದು ಬರುತ್ತದೆ.

ಕಟ್ಟುವ ಮೊತ್ತ ಬಾಕಿಗೆ ಹೋಲಿಸಿದರೆ ತುಂಬ ದೊಡ್ಡದಾದಾಗ ಮಾತ್ರ ಸರಾಸರಿಯ ಲೆಕ್ಕ ಸ್ವಲ್ಪ ಹಿಂದೆ ಬೀಳುತ್ತದೆ. ಇದೇ ಸಾಲಕ್ಕೆ 10 ಲಕ್ಷ ಕಟ್ಟಿದರೆ ಪೆನ್ನಿನ ಲೆಕ್ಕ 85.5 ತಿಂಗಳು ಎನ್ನುತ್ತದೆ, ನಿಜವಾದದ್ದು 88.5. ಅಂಥ ಕಡೆ ಎರಡೆರಡು ಲಕ್ಷದ ತುಂಡುಗಳಾಗಿ ಲೆಕ್ಕ ಹಾಕಿ ಕೂಡಿಸುವುದು ಒಳ್ಳೆಯದು.

ಮೂರೂವರೆ ಲಕ್ಷ ಉಳಿಯುವುದು ಯಾವಾಗ?

ಎರಡು ಲಕ್ಷ ಕೊಟ್ಟು ಮೂರೂವರೆ ಲಕ್ಷಕ್ಕೂ ಹೆಚ್ಚು ಬಡ್ಡಿ ಉಳಿಸುವುದು ಹೇಗೆ ಸಾಧ್ಯ ಎಂದು ಅನೇಕರಿಗೆ ಅಚ್ಚರಿಯಾಗುತ್ತದೆ. ಕಾರಣ ಮೊದಲ ತಿಂಗಳಲ್ಲೇ ಕಾಣುತ್ತದೆ. ಬಡ್ಡಿ 16,800ರಿಂದ 15,400ಕ್ಕೆ, ಅಂದರೆ 1,400 ರೂಪಾಯಿ ಇಳಿಯಿತು. ಕಂತು ಅಷ್ಟೇ ಇರುವುದರಿಂದ ಆ 1,400 ಅಸಲಿಗೆ ಸೇರಿ ಬಾಕಿಯನ್ನು ಇನ್ನಷ್ಟು ಇಳಿಸಿತು. ಮರುತಿಂಗಳು ಆ ಇಳಿದ ಬಾಕಿಯ ಮೇಲಿನ ಬಡ್ಡಿಯೂ ಉಳಿಯಿತು. ಚಕ್ರಬಡ್ಡಿ ಇಲ್ಲಿ ಸಾಲಗಾರನ ಪರವಾಗಿ ಕೆಲಸ ಮಾಡುತ್ತದೆ.

ಆದರೆ ಆ ಹಣ ಕೈಯಲ್ಲಿ ಕಾಣುವುದು ಇವತ್ತಲ್ಲ. ಇಂದಿನಿಂದ 137 ತಿಂಗಳು 25,000ದ ಕಂತು ಎಂದಿನಂತೆ ನಡೆಯುತ್ತಲೇ ಇರುತ್ತದೆ. ಅದಾದ ಮೇಲೆ, ಸುಮಾರು ಹನ್ನೊಂದೂವರೆ ವರ್ಷದ ನಂತರ, ಕಟ್ಟಬೇಕಿದ್ದ ಇಪ್ಪತ್ತೆರಡು ಚಿಲ್ಲರೆ ಕಂತುಗಳು ಇಲ್ಲವಾಗುತ್ತವೆ. ಆ ಕಾಲದ 3.65 ಲಕ್ಷವನ್ನು ಇವತ್ತಿನ 3.65 ಲಕ್ಷವೆಂದು ಎಣಿಸಬಾರದು. ಎರಡು ಲಕ್ಷವನ್ನು ಸಾಲಕ್ಕೆ ಕಟ್ಟುವುದು ಎಂದರೆ ಅದನ್ನು ಶೇ. 8.4ರ ದರದಲ್ಲಿ ತೊಡಗಿಸಿದಂತೆ. ಠೇವಣಿಯೊಂದಿಗೆ ಹೋಲಿಸುವವರು ಠೇವಣಿಯ ಬಡ್ಡಿಯಿಂದ ಆದಾಯ ತೆರಿಗೆ ಕಳೆದು ಉಳಿಯುವ ದರವನ್ನು ಈ 8.4ರ ಪಕ್ಕದಲ್ಲಿಟ್ಟು ನೋಡಬೇಕು. ಗೃಹಸಾಲದ ಬಡ್ಡಿಗೆ ಹಳೆಯ ತೆರಿಗೆ ಪದ್ಧತಿಯಲ್ಲಿ ವಿನಾಯಿತಿ ಪಡೆಯುತ್ತಿರುವವರು ಅದನ್ನೂ ಗಣನೆಗೆ ತೆಗೆದುಕೊಳ್ಳಬೇಕು.

ಕಾಲದ ಪಾತ್ರ ಎಷ್ಟು ದೊಡ್ಡದು ಎಂಬುದಕ್ಕೆ ಇನ್ನೊಂದು ಲೆಕ್ಕ. ಇದೇ ಸಾಲದ ಬಾಕಿ 10 ಲಕ್ಷಕ್ಕೆ ಇಳಿದ ಮೇಲೆ ಅದೇ 2 ಲಕ್ಷ ಕಟ್ಟಿದರೆ? ಆಗ ಬಡ್ಡಿ 7,000, ಅಸಲಿನ ಪಾಲು 18,000. ಕಟ್ಟಿದ ಮೇಲೆ ಅಸಲಿನ ಪಾಲು 19,400. ಸರಾಸರಿ 18,700. ಎರಡು ಲಕ್ಷವನ್ನು ಇದರಿಂದ ಭಾಗಿಸಿದರೆ 10.7 ತಿಂಗಳು. ಉಳಿಯುವ ಬಡ್ಡಿ 67 ಸಾವಿರದ ಆಸುಪಾಸು. ದರ ಎರಡೂ ಕಡೆ ಒಂದೇ. ಉಳಿಸಿದ ರೂಪಾಯಿಗೆ ದುಡಿಯಲು ಸಿಕ್ಕ ತಿಂಗಳುಗಳು ಮಾತ್ರ ಕಡಿಮೆ.

ಅವಧಿ ಇಳಿಸಬೇಕೋ, ಕಂತು ಇಳಿಸಬೇಕೋ?

ಹಣ ಕಟ್ಟುವಾಗ ಎರಡು ಆಯ್ಕೆಗಳು ಎದುರಾಗುತ್ತವೆ: ಕಂತು ಅಷ್ಟೇ ಇಟ್ಟು ಅವಧಿ ಇಳಿಸುವುದು, ಇಲ್ಲವೇ ಅವಧಿ ಅಷ್ಟೇ ಇಟ್ಟು ಕಂತು ಇಳಿಸುವುದು. ಮೇಲಿನ ಲೆಕ್ಕವೆಲ್ಲ ಮೊದಲನೆಯದಕ್ಕೆ ಸಂಬಂಧಿಸಿದ್ದು. ಎರಡನೆಯದರ ಲೆಕ್ಕ ಇನ್ನೂ ಸರಳ. ಬಾಕಿ ಯಾವ ಪ್ರಮಾಣದಲ್ಲಿ ಇಳಿಯಿತೋ ಕಂತೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. 24ರಲ್ಲಿ 22 ಉಳಿಯಿತು. 25,000ವನ್ನು 22ರಿಂದ ಗುಣಿಸಿ 24ರಿಂದ ಭಾಗಿಸಿದರೆ ಹೊಸ ಕಂತು 22,917 ರೂಪಾಯಿ. ತಿಂಗಳಿಗೆ 2,083 ರೂಪಾಯಿ ಕೈಯಲ್ಲಿ ಉಳಿಯುತ್ತದೆ. 160 ತಿಂಗಳಲ್ಲಿ ಇದು ಸುಮಾರು 3.33 ಲಕ್ಷ, ಕೊಟ್ಟ 2 ಲಕ್ಷ ಕಳೆದರೆ ಬಡ್ಡಿಯ ಉಳಿತಾಯ 1.33 ಲಕ್ಷ.

ಒಂದು ಕಡೆ 3.65 ಲಕ್ಷ, ಇನ್ನೊಂದು ಕಡೆ 1.33 ಲಕ್ಷ. ಅಂಕಿಯನ್ನಷ್ಟೇ ನೋಡಿದರೆ ಎರಡನೆಯದು ನಷ್ಟ ಎನಿಸುತ್ತದೆ, ಆದರೆ ಇದು ನಷ್ಟವಲ್ಲ. ಮೊದಲ ಆಯ್ಕೆಯಲ್ಲಿ ತಿಂಗಳು ತಿಂಗಳೂ ಆ 2,083 ರೂಪಾಯಿಯನ್ನು ಮತ್ತೆ ಸಾಲಕ್ಕೇ ಕಟ್ಟುತ್ತಿದ್ದೇವೆ, ಅದಕ್ಕೇ ಬಡ್ಡಿ ಹೆಚ್ಚು ಉಳಿಯುತ್ತದೆ. ಎರಡನೆಯದರಲ್ಲಿ ಆ ಹಣ ಮನೆಯ ಖರ್ಚಿಗೆ ಸಿಗುತ್ತದೆ. ಸಂಬಳ ಭದ್ರವಾಗಿದ್ದು ಕಂತಿನ ಭಾರ ಸಹಿಸುವಂತಿದ್ದರೆ ಅವಧಿ ಇಳಿಸುವುದೇ ಒಳ್ಳೆಯದು. ಮಕ್ಕಳ ಶುಲ್ಕ, ಆಸ್ಪತ್ರೆ ಖರ್ಚು ಎಂದು ತಿಂಗಳ ಕೊನೆ ಬಿಗಿಯಾಗುತ್ತಿದ್ದರೆ ಕಂತು ಇಳಿಸಿಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ಕಂತು ಇಳಿಸಿಕೊಂಡು, ಅನುಕೂಲವಿದ್ದಾಗ ಆ ವ್ಯತ್ಯಾಸವನ್ನು ಕೂಡಿಟ್ಟು ಮತ್ತೆ ಸಾಲಕ್ಕೆ ಕಟ್ಟಿದರೂ ಹೆಚ್ಚುಕಡಿಮೆ ಮೊದಲ ಆಯ್ಕೆಯ ಫಲವೇ ಸಿಗುತ್ತದೆ. ಕೆಲವು ಸಂಸ್ಥೆಗಳು ಒಮ್ಮೆ ಕಟ್ಟಬೇಕಾದ ಕನಿಷ್ಠ ಮೊತ್ತವನ್ನು ನಿಗದಿಪಡಿಸಿರುತ್ತವೆ ಎಂಬುದನ್ನು ಮೊದಲೇ ಕೇಳಿಕೊಳ್ಳಬೇಕು.

ನಾವು ಏನೂ ಹೇಳದೆ ಹಣ ಕಟ್ಟಿದರೆ ಯಾವ ಆಯ್ಕೆ ಜಾರಿಯಾಗುತ್ತದೆ ಎಂಬುದು ಸಂಸ್ಥೆಯಿಂದ ಸಂಸ್ಥೆಗೆ ಬೇರೆ. ಆದ್ದರಿಂದ ಆ್ಯಪ್‌ನಲ್ಲಿ ಆಯ್ಕೆ ಕಾಣದಿದ್ದರೆ ಶಾಖೆಗೆ ಇಮೇಲ್ ಅಥವಾ ಅರ್ಜಿ ಕೊಟ್ಟು ಬರಹದಲ್ಲೇ ತಿಳಿಸುವುದು ಲೇಸು.

ಯಾವ ದಿನ ಕಟ್ಟಬೇಕು, ಶುಲ್ಕ ಎಷ್ಟು?

ಬ್ಯಾಂಕುಗಳ ಗೃಹಸಾಲದಲ್ಲಿ ಬಡ್ಡಿಯನ್ನು ಸಾಮಾನ್ಯವಾಗಿ ದಿನದ ಬಾಕಿಯ ಮೇಲೆ ಎಣಿಸುತ್ತಾರೆ. ಶೇ. 8.4ರಲ್ಲಿ 2 ಲಕ್ಷಕ್ಕೆ ದಿನಕ್ಕೆ 46 ರೂಪಾಯಿ ಬಡ್ಡಿ. ಹಣ ಉಳಿತಾಯ ಖಾತೆಯಲ್ಲಿ ಒಂದು ತಿಂಗಳು ಕೂತರೆ ಸುಮಾರು 1,400 ರೂಪಾಯಿ ಸಾಲದ ಕಡೆ ಸೋರಿದಂತೆ. ತಿಂಗಳಿಗೊಮ್ಮೆ ಮಾತ್ರ ಬಾಕಿ ಎಣಿಸುವ ಸಂಸ್ಥೆಗಳೂ ಇವೆ. ಅಲ್ಲಿ ಕಂತಿನ ದಿನಾಂಕದ ಮರುದಿನ ಕಟ್ಟಿದರೂ ಅದರ ಫಲ ಮುಂದಿನ ತಿಂಗಳಿಂದ ಶುರುವಾಗಬಹುದು. ಅಂಥ ಸಾಲಕ್ಕೆ ಕಂತಿನ ದಿನಾಂಕಕ್ಕೆ ಸ್ವಲ್ಪ ಮೊದಲು ಕಟ್ಟುವುದು ಜಾಣತನ.

ಸ್ಕ್ರೀನ್‌ಶಾಟ್ ತೆಗೆದ ದಿನವೂ ಲೆಕ್ಕಕ್ಕೆ ಬರುತ್ತದೆ. ಕಂತು ಕಟ್ಟಿದ ಮರುದಿನದ ಬಾಕಿ ಅತ್ಯಂತ ಸ್ವಚ್ಛ. ಹದಿನೈದು ದಿನ ಕಳೆದರೆ, 24 ಲಕ್ಷಕ್ಕೆ ದಿನಕ್ಕೆ 552 ರೂಪಾಯಿಯಂತೆ 8,285 ರೂಪಾಯಿ ಬಡ್ಡಿ ಕೂಡಿರುತ್ತದೆ. ಆ ದಿನ 2 ಲಕ್ಷ ಕಟ್ಟಿದರೆ ಕೆಲವೆಡೆ ಮೊದಲು ಈ ಬಡ್ಡಿಯನ್ನು ಮುರಿದುಕೊಂಡು ಉಳಿದದ್ದನ್ನು ಅಸಲಿಗೆ ಹಾಕುತ್ತಾರೆ. ಬಾಕಿ ಎರಡು ಲಕ್ಷದ ಬದಲು 1,91,715 ಮಾತ್ರ ಇಳಿದಂತೆ ಕಾಣುತ್ತದೆ. ಗಾಬರಿಯಾಗಬೇಕಿಲ್ಲ: ಆ ಬಡ್ಡಿಯನ್ನು ಮುಂದಿನ ಕಂತಿನಲ್ಲಿ ಮತ್ತೆ ಹಿಡಿಯುವಂತಿಲ್ಲ, ಆಗ ಅಸಲಿಗೆ ಅಷ್ಟು ಹೆಚ್ಚು ಸೇರುತ್ತದೆ. ಸೇರಿದೆಯೇ ಎಂದು ಮುಂದಿನ ಸ್ಟೇಟ್‌ಮೆಂಟಿನಲ್ಲಿ ನೋಡಿಕೊಳ್ಳಬೇಕು.

ಶುಲ್ಕದ ವಿಚಾರದಲ್ಲಿ ನಿಯಮಗಳು ಸಾಲಗಾರರ ಪರವಾಗಿವೆ. ವ್ಯಕ್ತಿಗಳು ಪಡೆದ ಫ್ಲೋಟಿಂಗ್ ದರದ ಗೃಹಸಾಲಕ್ಕೆ ಬ್ಯಾಂಕುಗಳು ಮುಂಚಿತ ಪಾವತಿಯ ಶುಲ್ಕ ವಿಧಿಸಬಾರದೆಂದು ರಿಸರ್ವ್ ಬ್ಯಾಂಕ್ 2012ರಲ್ಲೇ ಹೇಳಿತ್ತು. 2025ರ ಜುಲೈನಲ್ಲಿ ಹೊರಡಿಸಿದ ನಿರ್ದೇಶನದ ಪ್ರಕಾರ, 2026ರ ಜನವರಿ 1ರಿಂದ ಮಂಜೂರಾಗುವ ಅಥವಾ ನವೀಕರಣಗೊಳ್ಳುವ, ವ್ಯಾಪಾರೇತರ ಉದ್ದೇಶಕ್ಕೆ ವ್ಯಕ್ತಿಗಳು ಪಡೆಯುವ ಫ್ಲೋಟಿಂಗ್ ಸಾಲಗಳಿಗೆ ಭಾಗಶಃ ಕಟ್ಟಿದರೂ ಪೂರ್ತಿ ತೀರಿಸಿದರೂ ಶುಲ್ಕವಿಲ್ಲ. ಹಣ ಎಲ್ಲಿಂದ ಬಂತು ಎಂಬ ಷರತ್ತೂ ಇಲ್ಲ. ಸ್ಥಿರ ದರದ ಸಾಲಗಳ ಮಾತು ಬೇರೆ. ವೈಯಕ್ತಿಕ ಸಾಲ, ವಾಹನ ಸಾಲಗಳು ಹೆಚ್ಚಾಗಿ ಈ ಗುಂಪಿಗೆ ಸೇರುತ್ತವೆ. ಅಲ್ಲಿ ಶೇ. 3 ಶುಲ್ಕವಿದೆ ಎಂದಾದರೆ ಅದರ ಮೇಲೆ ಶೇ. 18 ಜಿಎಸ್‌ಟಿ ಸೇರಿ, ಎರಡು ಲಕ್ಷಕ್ಕೆ 7,080 ರೂಪಾಯಿ ಆಗುತ್ತದೆ. ಉಳಿಯುವ ಬಡ್ಡಿಯಿಂದ ಇದನ್ನು ಕಳೆದೇ ಲಾಭ ನೋಡಬೇಕು. 2024ರ ಅಕ್ಟೋಬರ್ 1ರಿಂದ ಮಂಜೂರಾದ ಸಾಲವಾದರೆ ಕೈಗೆ ಕೊಟ್ಟಿರುವ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟಿನಲ್ಲಿ ಈ ಶುಲ್ಕದ ವಿವರ ಸಿಗುತ್ತದೆ. ಪತ್ತಿನ ಸಹಕಾರ ಸಂಘಗಳು ರಿಸರ್ವ್ ಬ್ಯಾಂಕಿನ ಈ ನಿಯಮದ ಅಡಿಗೆ ಬರುವುದಿಲ್ಲ. ಅಲ್ಲಿ ಸಾಲದ ಕರಾರನ್ನೇ ಓದಬೇಕು.

ಕಟ್ಟಿದ ಮೇಲಿನ ಸ್ಕ್ರೀನ್‌ಶಾಟ್

ಲೆಕ್ಕ ಸರಿಯಾಗಿದ್ದರೂ ಹಣ ತಪ್ಪು ಜಾಗಕ್ಕೆ ಹೋದರೆ ಫಲವಿಲ್ಲ. ಹಲವು ಆ್ಯಪ್‌ಗಳಲ್ಲಿ 'Pay EMI' ಮತ್ತು 'Part Payment' ಎಂಬ ಎರಡು ಗುಂಡಿಗಳು ಅಕ್ಕಪಕ್ಕದಲ್ಲೇ ಇರುತ್ತವೆ. ಮೊದಲನೆಯದನ್ನು ಒತ್ತಿ ಎರಡು ಲಕ್ಷ ಕಟ್ಟಿದರೆ ಅದು ಮುಂದಿನ ಎಂಟು ಕಂತುಗಳ ಮುಂಗಡವೆಂದು ದಾಖಲಾಗಿ, ಅಸಲು ಇಳಿಯದೆ ಉಳಿಯುವ ಸಾಧ್ಯತೆಯಿದೆ. ಆಗ ಬಡ್ಡಿ 24 ಲಕ್ಷದ ಮೇಲೇ ಓಡುತ್ತದೆ.

ಇದನ್ನು ಪತ್ತೆಹಚ್ಚುವುದು ಸುಲಭ. ಕಟ್ಟಿದ ಎರಡು ಮೂರು ದಿನದ ನಂತರ ಮತ್ತೊಂದು ಸ್ಕ್ರೀನ್‌ಶಾಟ್ ತೆಗೆದು ಹಳೆಯದರ ಪಕ್ಕ ಇಡಿ. ಅಸಲಿನ ಬಾಕಿ 22 ಲಕ್ಷದ ಹತ್ತಿರ ಬಂದಿರಬೇಕು. ಮುಂದಿನ ಕಂತಿನ ದಿನಾಂಕ ಮುಂದಿನ ತಿಂಗಳ 5ನೇ ತಾರೀಖೇ ಆಗಿರಬೇಕು. ಅದು ತಿಂಗಳುಗಟ್ಟಲೆ ಮುಂದಕ್ಕೆ ಹೋಗಿದ್ದರೆ ಹಣ ಮುಂಗಡ ಕಂತಿಗೆ ಸೇರಿದೆ ಎಂದರ್ಥ. ಕಂತು 25,000 ಇದ್ದು ಉಳಿದ ಅವಧಿ 137 ಅಥವಾ 138 ತೋರಿಸಬೇಕು. ಕಂತು 22,917 ಆಗಿ ಅವಧಿ 160 ಇದ್ದರೆ ನಾವು ಕೇಳದ ಆಯ್ಕೆ ಜಾರಿಯಾಗಿದೆ. ಕೆಲವು ಆ್ಯಪ್‌ಗಳಲ್ಲಿ ಅವಧಿಯ ಅಂಕಿ ತಡವಾಗಿ ಬದಲಾಗುತ್ತದೆ, ಕೆಲವೆಡೆ ಅದು ಮೂಲ ಅವಧಿಯಿಂದ ಕಳೆದ ತಿಂಗಳುಗಳನ್ನು ಕಳೆದು ತೋರಿಸುವ ಅಂಕಿ ಮಾತ್ರ. ಆದ್ದರಿಂದ ಕೊನೆಯ ಸಾಕ್ಷಿಯಾಗಿ ಮುಂದಿನ ಕಂತಿನ ಬಡ್ಡಿಯನ್ನೇ ನೋಡಬೇಕು. ಅದು 15,400ರ ಆಸುಪಾಸಿನಲ್ಲಿರಬೇಕು. ದಿನದ ಲೆಕ್ಕ ಹಿಡಿಯುವ ಬ್ಯಾಂಕಿನಲ್ಲಿ 30 ದಿನದ ತಿಂಗಳಿಗೆ 15,189, 31 ದಿನದ ತಿಂಗಳಿಗೆ 15,695 ಬರುತ್ತದೆ. ಅಷ್ಟು ಏರುಪೇರು ಸಹಜ. ಇನ್ನೂ 16,800ರ ಹತ್ತಿರವೇ ಇದ್ದರೆ ಅಸಲು ಇಳಿದಿಲ್ಲ. ಆಗ ಪಾವತಿಯ ರಸೀದಿ ಮತ್ತು ಎರಡೂ ಸ್ಕ್ರೀನ್‌ಶಾಟ್ ಸೇರಿಸಿ ಬರಹದಲ್ಲಿ ದೂರು ಕೊಡಬೇಕು. ಸಂಸ್ಥೆಯನ್ನು ಬಿಟ್ಟು ಬೇರೆ ಯಾರಿಗೇ ಕಳಿಸುವುದಾದರೂ ಸಾಲದ ಖಾತೆ ಸಂಖ್ಯೆ, ಮೊಬೈಲ್ ಸಂಖ್ಯೆ ಮುಚ್ಚಿರಲಿ.

ದರ ಬದಲಾದರೆ

ಈ ಲೆಕ್ಕಕ್ಕೆ ಒಂದೇ ದೊಡ್ಡ ಮಿತಿ: ಬಡ್ಡಿದರ ಕೊನೆಯವರೆಗೂ ಇದೇ ಇರುತ್ತದೆ ಎಂಬ ಊಹೆ. ಫ್ಲೋಟಿಂಗ್ ಸಾಲದಲ್ಲಿ ಹಾಗಿರುವುದಿಲ್ಲ. 2022ರ ಮೇ ತಿಂಗಳಿಂದ 2023ರ ಫೆಬ್ರವರಿಯ ನಡುವೆ ರೆಪೊ ದರ ಶೇ. 4ರಿಂದ 6.5ಕ್ಕೆ ಏರಿತು. ಕಂತು ಹೆಚ್ಚಿಸುವ ಬದಲು ಅವಧಿ ಉದ್ದ ಮಾಡಿದ್ದರಿಂದ ಅನೇಕರ ಸಾಲ ಅವರಿಗೆ ಗೊತ್ತಾಗದಂತೆಯೇ ವರ್ಷಗಟ್ಟಲೆ ಬೆಳೆಯಿತು. ಆಮೇಲೆ ರಿಸರ್ವ್ ಬ್ಯಾಂಕ್ 2023ರ ಆಗಸ್ಟ್‌ನಲ್ಲಿ, ದರ ಬದಲಾದಾಗ ಕಂತು ಹೆಚ್ಚಿಸಬೇಕೋ ಅವಧಿ ಹೆಚ್ಚಿಸಬೇಕೋ ಎಂಬ ಆಯ್ಕೆಯನ್ನು ಸಾಲಗಾರರಿಗೆ ಕೊಡಬೇಕೆಂದು ಸೂಚಿಸಿತು. ಯಾವಾಗ ಬೇಕಾದರೂ ಭಾಗಶಃ ಕಟ್ಟುವ ಅವಕಾಶವೂ ಆ ಸೂಚನೆಯಲ್ಲಿದೆ.

ನಮ್ಮ ಉದಾಹರಣೆಯಲ್ಲಿ 2 ಲಕ್ಷ ಕಟ್ಟಿದ ಮೇಲೆ ದರ ಶೇ. 8.4ರಿಂದ 7.9ಕ್ಕೆ ಇಳಿದು ಕಂತು ಅಷ್ಟೇ ಉಳಿದರೆ, 137ರ ಬದಲು 132 ತಿಂಗಳಲ್ಲೇ ಸಾಲ ತೀರುತ್ತದೆ. ಆ ಐದು ತಿಂಗಳು ದರದ ಕೊಡುಗೆ, ಉಳಿದದ್ದು ನಾವು ಕಟ್ಟಿದ ಹಣದ ಕೊಡುಗೆ. ಎರಡನ್ನೂ ಬೇರೆ ಬೇರೆ ಗುರುತಿಸಿದರೆ ಮಾತ್ರ ಮುಂದಿನ ಬಾರಿ ಕಟ್ಟುವಾಗ ಏನು ನಿರೀಕ್ಷಿಸಬೇಕು ಎಂಬುದು ಸ್ಪಷ್ಟವಾಗುತ್ತದೆ.

ಆದ್ದರಿಂದ ಒಮ್ಮೆ ಹಾಕಿದ ಲೆಕ್ಕವನ್ನು ಕಾಯಂ ಎಂದುಕೊಳ್ಳಬಾರದು. ದರ ಬದಲಾದ ಪ್ರತಿ ಸಲವೂ, ಇಡುಗಂಟು ಕಟ್ಟಿದ ಪ್ರತಿ ಸಲವೂ ಕಂತಿನ ಮರುದಿನ ಅಸಲಿನ ಬಾಕಿ, ದರ, ಕಂತು ಈ ಮೂರನ್ನು ದಿನಾಂಕದೊಂದಿಗೆ ಬರೆದಿಟ್ಟು ಲೆಕ್ಕವನ್ನು ಮತ್ತೆ ಹಾಕಿ. ಪರಿಷ್ಕೃತ ಮರುಪಾವತಿ ಪಟ್ಟಿಯನ್ನು ಬ್ಯಾಂಕಿನಿಂದ ಕೇಳಿ ಪಡೆಯಿರಿ. ನಿಮ್ಮ ಲೆಕ್ಕಕ್ಕೂ ಆ ಪಟ್ಟಿಗೂ ಒಂದೆರಡು ತಿಂಗಳ ಅಂತರವಿದ್ದರೆ ಅದು ದಿನಗಳ ಎಣಿಕೆಯ ವ್ಯತ್ಯಾಸವಿರಬಹುದು. ಅಂತರ ಆರು ತಿಂಗಳು, ಒಂದು ವರ್ಷದಷ್ಟಿದ್ದರೆ ದರವನ್ನೋ ಕಂತನ್ನೋ ಬಾಕಿಯನ್ನೋ ಇಬ್ಬರಲ್ಲೊಬ್ಬರು ತಪ್ಪಾಗಿ ಹಿಡಿದಿದ್ದಾರೆ. ಯಾವುದು ತಪ್ಪಿದೆ ಎಂದು ಕೇಳಿ ತಿಳಿದುಕೊಂಡ ಮೇಲೆಯೇ ಮುಂದಿನ ಇಡುಗಂಟನ್ನು ಕಟ್ಟಿ.